ಜೇನಿನ ಬಾಟಲಿಯ ಮೇಲೆ ಏನು ಬರೆಯಬೇಕು?

ಫೆಬ್ರವರಿ ಮುಗಿಯುತ್ತಿದ್ದಂತೆ ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ತೋಟಗಳಲ್ಲಿ ಹೊಸ ಜೇನು ತೆಗೆಯುವ ಕೆಲಸ ಶುರುವಾಗುತ್ತದೆ. ಅದರ ಹಿಂದೆಯೇ ವಾಟ್ಸ್‌ಆ್ಯಪ್‌ನಲ್ಲಿ ಬಾಟಲಿಯ ಫೋಟೊ, ಫೋಟೊದ ಕೆಳಗೆ ನಾಲ್ಕು ಸಾಲು. ಆ ಸಾಲುಗಳು ಹೆಚ್ಚುಕಮ್ಮಿ ಎಲ್ಲ ಕಡೆಯೂ ಒಂದೇ: "ನೂರಕ್ಕೆ ನೂರು ಶುದ್ಧ ಕಾಡುಜೇನು. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ. ಬೊಜ್ಜು ಕರಗಿಸುತ್ತದೆ. ಕೆಮ್ಮು, ದಮ್ಮು, ಗ್ಯಾಸ್ಟ್ರಿಕ್‌ಗೆ ರಾಮಬಾಣ. ಶುಗರ್ ಇರುವವರೂ ಸೇವಿಸಬಹುದು."

ಬರೆದವರು ಮೋಸಗಾರರಲ್ಲ. ಬಹುಪಾಲು ಮಂದಿ ನಿಜವಾಗಿಯೂ ಒಳ್ಳೆಯ ಜೇನು ಮಾರುತ್ತಿದ್ದಾರೆ. ಬೇರೆಯವರ ಬಾಟಲಿಯ ಮೇಲೆ ಇದ್ದದ್ದನ್ನು ನೋಡಿ, ಹೀಗೆ ಬರೆಯದಿದ್ದರೆ ಕೊಳ್ಳುವವರಿಲ್ಲ ಎಂದು ಎಣಿಸಿ ಬರೆದಿದ್ದಾರೆ. ಆದರೆ ಈ ನಾಲ್ಕು ಸಾಲು ಓದಿದ ಮೇಲೆ, ಸಕ್ಕರೆ ಪಾಕ ಬೆರೆಸಿ ಮಾರುವವನ ಬಾಟಲಿಗೂ ಇವರ ಬಾಟಲಿಗೂ ಓದುಗನಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಅವನೂ ಇದನ್ನೇ ಬರೆದಿರುತ್ತಾನೆ. ಜೇನು ಸಾಕುವವನಿಗೆ ಮಾತ್ರ ಗೊತ್ತಿರುವ, ಬೆರಕೆ ಮಾಡುವವನಿಗೆ ಬರೆಯಲಾಗದ ಸಂಗತಿಗಳು ಬೇರೆಯೇ ಇವೆ. ವಿವರಣೆಗೆ ಬೇಕಾದದ್ದು ಅವು.

ಒಂದು ತೋಟವನ್ನು ಎದುರಿಗಿಟ್ಟುಕೊಂಡು ನೋಡೋಣ. ಉದಾಹರಣೆಗೆಂದು ಕಟ್ಟಿಕೊಂಡದ್ದು, ಆದರೆ ಆ ಸೀಮೆಯ ಜೇನು ಕೃಷಿಕರಿಗೆ ಪರಿಚಿತವಾದದ್ದೇ. ಸುಳ್ಯ ತಾಲ್ಲೂಕಿನಲ್ಲಿ ಮೂರು ಎಕರೆ ಅಡಿಕೆ ತೋಟ, ನಡುವೆ ತೆಂಗು, ಕಾಳುಮೆಣಸು. ಪಕ್ಕದ ಗುಡ್ಡದಲ್ಲಿ ಬೇರೆಯವರ ರಬ್ಬರ್. ತೋಟದ ಅಂಚಿನಲ್ಲಿ 20 ಪೆಟ್ಟಿಗೆ ತುಡುವೆ ಜೇನು. ಈ ತೋಟದ ಒಡೆಯರು ತಮ್ಮ ಬಾಟಲಿಗೆ ವಿವರಣೆ ಬರೆಯಬೇಕು.

ಮೊದಲಿಗೆ "ಕಾಡುಜೇನು" ಎಂಬ ಮಾತು. ಪೆಟ್ಟಿಗೆಯಲ್ಲಿ ಸಾಕಿದ ತುಡುವೆಯ ಜೇನನ್ನು ಕಾಡುಜೇನು ಎನ್ನುವುದು ಸರಿಯಲ್ಲ. ಹಾಗೆಂದರೆ ಜನ ಬಂಡೆಯಲ್ಲೋ ಎತ್ತರದ ಮರದಲ್ಲೋ ಕಟ್ಟಿದ ಹೆಜ್ಜೇನಿನ ತುಪ್ಪ ಎಂದು ತಿಳಿಯುತ್ತಾರೆ. ಇನ್ನೂ ಸೂಕ್ಷ್ಮವಾದದ್ದು ಹೂವಿನ ವಿಷಯ. "ಪಶ್ಚಿಮ ಘಟ್ಟದ ನೂರಾರು ಕಾಡುಹೂಗಳ ಮಕರಂದ" ಎಂದು ಬರೆಯಲು ಕೈ ತವಕಿಸುತ್ತದೆ. ಆದರೆ ಈ ಭಾಗದಲ್ಲಿ ಜನವರಿಯಿಂದ ಮಾರ್ಚ್‌ವರೆಗಿನ ಜೇನಿನ ದೊಡ್ಡ ಪಾಲು ಬರುವುದು ರಬ್ಬರಿನಿಂದ, ಅದೂ ಹೂವಿನಿಂದಲ್ಲ. ಚಳಿಗಾಲದಲ್ಲಿ ಎಲೆ ಉದುರಿಸಿದ ರಬ್ಬರ್ ಮರ ಹೊಸ ಚಿಗುರು ಬಿಡುವಾಗ, ಮೂರು ಎಲೆಗಳು ತೊಟ್ಟಿಗೆ ಸೇರುವ ಜಾಗದಲ್ಲಿರುವ ಗ್ರಂಥಿಗಳಿಂದ ಸಿಹಿ ದ್ರವ ಒಸರುತ್ತದೆ. ತುಡುವೆಗಳು ಅದನ್ನೇ ಹೊತ್ತು ತರುತ್ತವೆ. ಹೂವಿನದಲ್ಲವಾದ್ದರಿಂದ ಆ ಜೇನಿನಲ್ಲಿ ರಬ್ಬರಿನ ಪರಾಗ ಕಾಣುವುದು ಕಡಿಮೆ. ಪರಾಗ ನೋಡಿ ಮೂಲ ಹೇಳುವ ಪರೀಕ್ಷೆಗೂ ಅದು ಸುಲಭಕ್ಕೆ ಸಿಕ್ಕುವುದಿಲ್ಲ. ಸಾಕುವವನು ಹೇಳಿದರೇ ಗೊತ್ತಾಗಬೇಕು.

ಹೇಳಿದರೆ ಬೆಲೆ ಕಡಿಮೆಯಾಗುತ್ತದೆ ಎಂಬ ಹೆದರಿಕೆ ಇದೆ. ನನಗೆ ಹಾಗನ್ನಿಸುವುದಿಲ್ಲ. "ಈ ಜೇನಿನ ಹೆಚ್ಚಿನ ಪಾಲು ರಬ್ಬರ್ ಚಿಗುರಿನದು, ಉಳಿದದ್ದು ತೋಟದ ಮತ್ತು ಗುಡ್ಡದ ಹೂಗಳದು, ಬಣ್ಣ ತಿಳಿ, ಬೇಗ ಹರಳುಗಟ್ಟುತ್ತದೆ" ಎಂದು ಓದಿದ ಗ್ರಾಹಕ ಮುಂದಿನ ತಿಂಗಳು ಬಾಟಲಿಯ ತಳದಲ್ಲಿ ಬಿಳಿ ಹರಳು ಕಂಡಾಗ ಸಕ್ಕರೆ ಬೆರೆಸಿದ್ದಾರೆಂದು ಫೋನ್ ಮಾಡುವುದಿಲ್ಲ. ಅದು ಗ್ಲೂಕೋಸ್ ಹರಳುಗಟ್ಟಿದ್ದು, ಜೇನು ಕೆಟ್ಟದ್ದಲ್ಲ. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ಇಟ್ಟರೆ ಕರಗುತ್ತದೆ ಎಂದು ಇನ್ನೊಂದು ಸಾಲು ಸೇರಿಸಿದರೆ ಮುಗಿಯಿತು. ಏಪ್ರಿಲ್‌ನಲ್ಲಿ ತೆಗೆದ ಜೇನು ಬಣ್ಣದಲ್ಲಿ ಗಾಢ, ರುಚಿಯಲ್ಲಿ ಬೇರೆ ಇದ್ದರೆ ಅದನ್ನು ಮೊದಲಿನದಕ್ಕೆ ಬೆರೆಸದೆ ಬೇರೆಯೇ ತುಂಬಿಸಿ, ತೆಗೆದ ತಿಂಗಳನ್ನು ಬರೆದರೆ ಇನ್ನೂ ಒಳ್ಳೆಯದು.

ಇನ್ನು "ಶುದ್ಧ." ಏನೂ ಬೆರೆಸದ, ಒಂದೇ ಪದಾರ್ಥದ ಆಹಾರಕ್ಕೆ ಈ ಮಾತು ಬಳಸಲು ಕಾನೂನು ಅಡ್ಡಿ ಮಾಡುವುದಿಲ್ಲ. ಆದರೆ 2020ರ ಡಿಸೆಂಬರಿನ ನಂತರ ಈ ಪದಕ್ಕೆ ಬೆಲೆ ಉಳಿದಿಲ್ಲ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಆಗ 13 ಬ್ರ್ಯಾಂಡ್‌ಗಳ ಜೇನನ್ನು ಪರೀಕ್ಷೆಗೆ ಕಳಿಸಿತ್ತು. ಎನ್‌ಎಂಆರ್ ಪರೀಕ್ಷೆಯೂ ಸೇರಿ ಎಲ್ಲದರಲ್ಲೂ ಪಾಸಾದದ್ದು ಮೂರೇ. ಕಬ್ಬಿನ ಸಕ್ಕರೆ ಬೆರೆಸಿದರೆ ಹಿಡಿಯುವುದು ಸುಲಭ: ಕಬ್ಬು, ಜೋಳ ಸಿ-4 ಬಗೆಯ ಗಿಡಗಳು, ಅವುಗಳ ಸಕ್ಕರೆಯಲ್ಲಿ ಇಂಗಾಲದ ಗುರುತೇ ಬೇರೆ. ಅಕ್ಕಿಯಿಂದ ಮಾಡಿದ ಪಾಕ ಜೇನಿಗೆ ಮಕರಂದ ಕೊಡುವ ಬಹುತೇಕ ಗಿಡಗಳ ಗುಂಪಿನದ್ದೇ ಆದ್ದರಿಂದ ಆ ಪರೀಕ್ಷೆಗೆ ಸಿಗುವುದಿಲ್ಲ. ಪ್ರಯೋಗಾಲಯವೇ ಇಷ್ಟು ಕಷ್ಟಪಡುವಾಗ, ನೀರಿಗೆ ಹಾಕಿದರೆ ತಳಕ್ಕೆ ಹೋಗಬೇಕು, ಬತ್ತಿಯನ್ನು ಅದ್ದಿ ಹಚ್ಚಿದರೆ ಉರಿಯಬೇಕು, ಇರುವೆ ಮುತ್ತಬಾರದು ಎಂಬ ಮನೆ ಪರೀಕ್ಷೆಗಳು ಏನನ್ನೂ ಸಾಬೀತು ಮಾಡುವುದಿಲ್ಲ. ದಪ್ಪಗೆ ಕಾಯಿಸಿದ ಸಕ್ಕರೆ ಪಾಕವೂ ತಳಕ್ಕೆ ಹೋಗುತ್ತದೆ. ತೆಳುವಾದ ಅಸಲಿ ತುಡುವೆ ಜೇನು ಬೇಗ ಕದಡುತ್ತದೆ. ಮಾರುವವರು ತಾವೇ ಈ ಪರೀಕ್ಷೆಯ ವಿಡಿಯೊ ಹಾಕುವುದನ್ನು ದಯವಿಟ್ಟು ಬಿಡಬೇಕು. ಅದನ್ನು ನಂಬಿದ ಗ್ರಾಹಕ ನಾಳೆ ಅದೇ ಪರೀಕ್ಷೆ ಮಾಡಿ ಅಸಲಿ ಜೇನನ್ನೇ ನಕಲಿ ಎನ್ನುತ್ತಾನೆ.

"ಶುದ್ಧ"ದ ಜಾಗದಲ್ಲಿ ಬರೆಯಬಹುದಾದ ಸಂಗತಿಯೊಂದಿದೆ, ಅದನ್ನು ಬರೆಯಲು ಧೈರ್ಯ ಬೇಕು. ಕರಾವಳಿ-ಮಲೆನಾಡಿನ ಮಳೆಗಾಲದಲ್ಲಿ ತುಡುವೆಗಳಿಗೆ ಹೊರಗೆ ಆಹಾರವಿಲ್ಲ. ಸಂಸಾರ ಉಳಿಯಬೇಕಾದರೆ ಸಕ್ಕರೆ ಪಾಕ ಕೊಡಬೇಕಾಗುತ್ತದೆ. ಪೆಟ್ಟಿಗೆಯಲ್ಲಿ ಜೇನು ಸಾಕುವವರಿಗೆ ಇದು ಗೊತ್ತಿರುವ ಮಾತು, ಗ್ರಾಹಕರಿಗೆ ಹೇಳದ ಮಾತು. ಬೇರೆ ಎಲ್ಲಿಂದಲೋ ತಿಳಿದಾಗ ಗ್ರಾಹಕ ಬೆಚ್ಚಿಬೀಳುತ್ತಾನೆ. ಹಾಗಾಗಿ ಮೊದಲೇ ಬರೆದುಬಿಡುವುದು ಮೇಲು: "ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೇನುಹುಳಗಳು ಬದುಕಿ ಉಳಿಯಲು ಸಕ್ಕರೆ ಪಾಕ ಕೊಡುತ್ತೇವೆ. ಜೇನು ತೆಗೆಯಲು ಮೇಲಿನ ಸೂಪರ್ ಇಟ್ಟ ಮೇಲೆ ಕೊಡುವುದಿಲ್ಲ. ಮರಿಗಳಿರುವ ಕೆಳಗಿನ ಕೋಣೆಯ ಎರಿಯಿಂದ ಜೇನು ತೆಗೆಯುವುದಿಲ್ಲ." ಈ ಮೂರು ವಾಕ್ಯ ಬರೆಯಬೇಕಾದರೆ ಹಾಗೆ ನಡೆದುಕೊಂಡಿರಬೇಕು. ಸೂಪರ್ ಇಟ್ಟ ಮೇಲೂ ಪಾಕ ಕೊಟ್ಟರೆ ಹುಳಗಳು ಅದನ್ನೇ ಮೇಲೆ ತುಂಬಿಸುತ್ತವೆ. ಆಗ ಬಾಟಲಿಯಲ್ಲಿರುವುದು ಹುಳ ಮುಟ್ಟಿದ ಸಕ್ಕರೆ ಪಾಕವೇ, ಪರೀಕ್ಷೆಯಲ್ಲೂ ಸಿಕ್ಕಿಬೀಳುತ್ತದೆ.

ಇನ್ನು ಇಡೀ ವಿವರಣೆಯಲ್ಲಿ ಅತಿ ಮುಖ್ಯವಾದ, ಅತಿ ಕಡಿಮೆ ಮಂದಿ ಬರೆಯುವ ಅಂಶಕ್ಕೆ ಬರುತ್ತೇನೆ: ನೀರಿನಂಶ. ಹುಳಗಳು ತಂದ ಮಕರಂದದಲ್ಲಿ ನೀರೇ ಹೆಚ್ಚು. ಅವು ರೆಕ್ಕೆ ಬಡಿದು ಆರಿಸಿ, ಸಾಕಷ್ಟು ಗಟ್ಟಿಯಾದ ಮೇಲೆ ಕಣ್ಣುಗಳಿಗೆ ಮೇಣದ ಮುಚ್ಚಳ ಹಾಕುತ್ತವೆ. ಮುಚ್ಚುವ ಮೊದಲೇ ಎರಿ ತೆಗೆದು ಯಂತ್ರಕ್ಕೆ ಹಾಕಿದರೆ ಜೇನು ತೆಳ್ಳಗಿರುತ್ತದೆ, ಕೆಲವೇ ವಾರಗಳಲ್ಲಿ ಹುಳಿಯಬಹುದು. ನೊರೆ ಬರುತ್ತದೆ, ಮುಚ್ಚಳ ತೆರೆದಾಗ ಗಾಳಿ ಹೊರಬರುತ್ತದೆ, ಹೆಂಡದ ವಾಸನೆ ಬರುತ್ತದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದ ಪ್ರಕಾರ ಜೇನಿನಲ್ಲಿ ನೀರು ಶೇ 20ಕ್ಕಿಂತ ಹೆಚ್ಚಿರಬಾರದು. ನಮ್ಮ ತೇವದ ಹವೆಯಲ್ಲಿ ತುಡುವೆ ಜೇನು ಈ ಗೆರೆಯನ್ನು ಆಗಾಗ ದಾಟುತ್ತದೆ.

ಅಳೆಯಲು ರಿಫ್ರ್ಯಾಕ್ಟೋಮೀಟರ್ ಎಂಬ ಅಂಗೈಯಗಲದ ಸಾಧನ ಸಾಕು. ಜೇನಿಗೆಂದೇ ಮಾಡಿದ, ನೀರಿನಂಶವನ್ನು ನೇರ ತೋರಿಸುವ ಅಳತೆಪಟ್ಟಿ ಇರುವುದನ್ನು ಕೊಳ್ಳಬೇಕು. ಗಾಜಿನ ಮೇಲೆ ಒಂದು ಹನಿ, ಮೇಲೆ ಮುಚ್ಚಳ, ಅರ್ಧ ನಿಮಿಷ ಬಿಟ್ಟು ಬೆಳಕಿಗೆ ಹಿಡಿದು ನೋಡುವುದು. ತಪ್ಪು ಎಲ್ಲಿ ಆಗುತ್ತದೆಂದರೆ, ಡಬ್ಬದ ಮೇಲ್ಭಾಗದ ಹನಿಯೊಂದನ್ನೇ ನೋಡಿದಾಗ, ಹರಳಿರುವ ಜೇನನ್ನು ಹಾಗೆಯೇ ಇಟ್ಟಾಗ ಮತ್ತು ಬಿಸಿಲಿನಲ್ಲಿ ಬಿದ್ದಿದ್ದ ಸಾಧನವನ್ನು ಹಾಗೇ ಬಳಸಿದಾಗ. ಡಬ್ಬವನ್ನು ಚೆನ್ನಾಗಿ ಕಲಕಿ, ಹರಳಿದ್ದರೆ ಪೂರ್ತಿ ಕರಗಿಸಿ ತಣಿಸಿ, ಮೂರು ಸಲ ನೋಡಿದರೆ ಸಂಖ್ಯೆ ನಂಬುವ ಹಾಗಿರುತ್ತದೆ.

ನಮ್ಮ ಸುಳ್ಯದ ತೋಟದಲ್ಲಿ ಮೊದಲ ಸಲ ತೆಗೆದ ಜೇನಿಗೆ ಶೇ 22.5 ಬಂತೆನ್ನೋಣ. ಈಗ ಏನು ಬರೆಯುವುದು? "ನೀರಿನಂಶ ಶೇ 22.5" ಎಂದು ಪ್ರಾಮಾಣಿಕವಾಗಿ ಬರೆದರೆ ಸಾಕೇ? ಸಾಲದು. ಮಿತಿ ಮೀರಿದ ಜೇನು, ಬರೆದರೂ ಬರೆಯದಿದ್ದರೂ ಮಿತಿ ಮೀರಿದ್ದೇ. ಅದನ್ನು ಗಟ್ಟಿ ಮಾಡಬೇಕು. ಅಗಲ ಪಾತ್ರೆಯಲ್ಲಿ ತೆಳುವಾಗಿ ಹರಡಿ ತೇವ ಹೀರುವ ಯಂತ್ರವಿರುವ ಮುಚ್ಚಿದ ಕೋಣೆಯಲ್ಲಿ ಇಡುವುದು ಒಂದು ದಾರಿ. ಜೇನಿನ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗೆ ಇಳಿಸಿ, ಹದವಾಗಿ ಬೆಚ್ಚಗೆ ಮಾಡುತ್ತ ಕಲಕುವುದು ಇನ್ನೊಂದು. ನೇರ ಉರಿಯ ಮೇಲೆ ಇಡಲೇಬಾರದು. ಹೆಚ್ಚು ಕಾದಷ್ಟೂ ಜೇನಿನಲ್ಲಿ ಎಚ್‌ಎಂಎಫ್ ಎಂಬ ವಸ್ತು ಏರುತ್ತದೆ, ಕಿಣ್ವಗಳು ಇಳಿಯುತ್ತವೆ. ಎಚ್‌ಎಂಎಫ್‌ಗೆ ಕಿಲೋಗೆ 80 ಮಿಲಿಗ್ರಾಂ ಎಂಬ ಮಿತಿ ಇರುವುದೇ ಕಾಯಿಸಿದ್ದನ್ನು, ಹಳತನ್ನು ಹಿಡಿಯಲು. ಬೆಚ್ಚಗೆ ಮಾಡಿ ಶೇ 19.5ಕ್ಕೆ ತಂದರೆ ಬಾಟಲಿಗೆ ತುಂಬಬಹುದು, ಆದರೆ ಆ ಬಾಟಲಿಯ ಮೇಲೆ "ಹಸಿ ಜೇನು", "ಕಾಯಿಸದ್ದು" ಎಂಬ ಮಾತು ಬರಕೂಡದು. ಎರಡನೇ ಸಲ ಅದೇ ಕೃಷಿಕರು ಒಂದು ವಾರ ಹೆಚ್ಚು ಕಾದು, ಮುಕ್ಕಾಲಿಗಿಂತ ಹೆಚ್ಚು ಮೇಣ ಮುಚ್ಚಿದ ಎರಿಗಳನ್ನಷ್ಟೇ ತೆಗೆದು, ಶೇ 19.5ನ್ನು ಹುಳಗಳಿಂದಲೇ ಪಡೆದರೆ, ಆ ಬಾಟಲಿಗೆ "ಕಾಯಿಸಿಲ್ಲ" ಎಂದು ಧಾರಾಳವಾಗಿ ಬರೆಯಲಿ. ಎರಡೂ ಮಾರಾಟಕ್ಕೆ ಯೋಗ್ಯ. ಬೆಲೆ ಬೇರೆ ಇಟ್ಟರೂ ತಪ್ಪಿಲ್ಲ.

ಈಗ ಆರೋಗ್ಯದ ಸಾಲುಗಳು. ಇಲ್ಲಿ ಮೂರು ಬೇರೆ ಬೇರೆ ಬಗೆಯ ಮಾತುಗಳು ಕಲಸಿಹೋಗಿವೆ. "ಶುಗರ್ ಇರುವವರೂ ಸೇವಿಸಬಹುದು" ಎಂಬುದು ನೇರವಾಗಿ ಅಪಾಯದ ಮಾತು. ಜೇನಿನ ತೂಕದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಸಕ್ಕರೆಯೇ, ಮುಖ್ಯವಾಗಿ ಫ್ರಕ್ಟೋಸ್ ಮತ್ತು ಗ್ಲೂಕೋಸ್. ಒಂದು ಟೀ ಚಮಚಕ್ಕೆ ಆರು ಗ್ರಾಂನಷ್ಟು. ರಕ್ತದ ಸಕ್ಕರೆ ಇದರಿಂದ ಏರುತ್ತದೆ. ಮಾತ್ರೆ ನುಂಗುತ್ತಿರುವ ಯಾರೋ ಈ ಸಾಲು ನಂಬಿ ದಿನಕ್ಕೆ ನಾಲ್ಕು ಚಮಚ ತಿಂದರೆ ಅದರ ಹೊಣೆ ಬರೆದವರದು.

"ರೋಗನಿರೋಧಕ ಶಕ್ತಿ", "ಬೊಜ್ಜು ಕರಗಿಸುತ್ತದೆ" ಎಂಬವು ಸಾಬೀತಾಗದ ಮಾತುಗಳು. ಬೆಳಿಗ್ಗೆ ಬಿಸಿನೀರಿಗೆ ಜೇನು ಹಾಕಿ ಕುಡಿದರೆ ದೇಹಕ್ಕೆ ಸೇರುವುದು ನೀರು ಮತ್ತು ಸಕ್ಕರೆ. ಬೊಜ್ಜು ಕರಗುವ ದಾರಿ ಅದರಲ್ಲಿಲ್ಲ. ಜೇನಿನಲ್ಲಿ ವಿಟಮಿನ್, ಖನಿಜ, ಆ್ಯಂಟಿಆಕ್ಸಿಡೆಂಟ್ ಇರುವುದು ನಿಜ, ಆದರೆ ಒಂದೆರಡು ಚಮಚದಲ್ಲಿ ಸಿಗುವ ಪ್ರಮಾಣ ತೀರ ಅಲ್ಪ.

ಮೂರನೆಯದು ಕೆಮ್ಮು, ಮತ್ತು ಇಲ್ಲಿ ಓದುಗರು ನನ್ನನ್ನು ತಡೆದು ಕೇಳಬಹುದು: ಅಜ್ಜಿ ಕೆಮ್ಮಿಗೆ ಜೇನು ಕೊಡುತ್ತಿದ್ದದ್ದು ಸುಳ್ಳೇ? ಸುಳ್ಳಲ್ಲ. ಒಂದು ವರ್ಷ ದಾಟಿದ ಮಕ್ಕಳ ಶೀತದ ಕೆಮ್ಮು ಜೇನಿನಿಂದ ಸ್ವಲ್ಪ ತಗ್ಗಬಹುದು ಎಂದು ಅಧ್ಯಯನಗಳೂ ಹೇಳುತ್ತವೆ. ಆಯುರ್ವೇದದಲ್ಲಿ ಔಷಧವನ್ನು ಜೇನಿನಲ್ಲಿ ಕಲಸಿ ಕೊಡುವ ಪದ್ಧತಿಯೂ ಇದೆ. ಆದರೆ ಮನೆಯಲ್ಲಿ ಅಜ್ಜಿ ಕೊಡುವುದು ಬೇರೆ, ಆಹಾರವೆಂದು ನೋಂದಾಯಿಸಿ ಮಾರುವ ಬಾಟಲಿಯ ಮೇಲೆ "ಕೆಮ್ಮಿಗೆ ರಾಮಬಾಣ" ಎಂದು ಅಚ್ಚು ಹಾಕುವುದು ಬೇರೆ. ಆಹಾರದ ಜಾಹೀರಾತು ಮತ್ತು ಹೇಳಿಕೆಗಳ ಕುರಿತ 2018ರ ನಿಯಮಗಳು, ಆಹಾರವೊಂದು ರೋಗ ತಡೆಯುತ್ತದೆ, ಗುಣಪಡಿಸುತ್ತದೆ ಎಂದು ಅನುಮತಿಯಿಲ್ಲದೆ ಹೇಳುವುದನ್ನು ನಿಷೇಧಿಸುತ್ತವೆ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತಿಗೆ ಕಡಿವಾಣ ಹಾಕುವ 1954ರ ಕಾಯ್ದೆಯ ರೋಗಗಳ ಪಟ್ಟಿಯಲ್ಲಿ ಮಧುಮೇಹವೂ ಇದೆ, ಬೊಜ್ಜೂ ಇದೆ. ವಾಟ್ಸ್‌ಆ್ಯಪ್‌ನಲ್ಲಿ ಬರೆದದ್ದು ಜಾಹೀರಾತಲ್ಲ ಎಂದು ಯಾರೂ ತಿಳಿಯಬಾರದು. ಪರಿಚಯದ ಗ್ರಾಹಕರ ಹೆಸರಿನಲ್ಲಿ "ನನ್ನ ದಮ್ಮು ವಾಸಿಯಾಯಿತು" ಎಂದು ಹಾಕಿದರೂ ಹೇಳಿಕೆ ಮಾರುವವರದ್ದೇ ಆಗುತ್ತದೆ.

ಆರೋಗ್ಯದ ಬಗ್ಗೆ ವಿವರಣೆಯಲ್ಲಿ ಖಂಡಿತ ಇರಬೇಕಾದ ಒಂದು ಮಾತಿದೆ: ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಬಾರದು. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಜೇನಿನಲ್ಲಿ ಕೆಲವೊಮ್ಮೆ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರುತ್ತವೆ. ದೊಡ್ಡವರ ಕರುಳಿನಲ್ಲಿ ಅವು ಬೆಳೆಯಲಾರವು. ಎಳೆಕೂಸಿನ ಕರುಳಿನಲ್ಲಿ ಮೊಳೆತು ನಂಜು ಹುಟ್ಟಿಸಬಲ್ಲವು. ಮಲಬದ್ಧತೆಯಿಂದ ಶುರುವಾಗಿ, ಮಗು ಹಾಲು ಚೀಪಲಾಗದಷ್ಟು ನಿಶ್ಶಕ್ತವಾಗಬಹುದು, ಉಸಿರಿಗೂ ತೊಂದರೆಯಾಗಬಹುದು. ಇದು ಅಪರೂಪ, ಆದರೆ ಪ್ರಾಣಕ್ಕೆ ಸಂಬಂಧಿಸಿದ್ದು. ಜೇನು ಎಷ್ಟೇ ಅಸಲಿಯಾಗಿದ್ದರೂ, ಬೆಚ್ಚಗೆ ಮಾಡಿದ್ದರೂ ಈ ಬೀಜಾಣುಗಳು ಹೋಗುವುದಿಲ್ಲ.

"ಸಾವಯವ" ಎಂಬ ಪದದ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ತುಡುವೆ ಒಂದು ಕಿಲೋಮೀಟರಿನಷ್ಟು ದೂರ ಹಾರಿ ಆಹಾರ ತರುತ್ತದೆ. ನಮ್ಮ ಮೂರು ಎಕರೆಗೆ ರಾಸಾಯನಿಕ ಹಾಕದಿದ್ದರೂ ಪಕ್ಕದ ತೋಟದ್ದು ನಮ್ಮ ಕೈಯಲ್ಲಿಲ್ಲ. "ನಮ್ಮ ತೋಟಕ್ಕೆ ಕೀಟನಾಶಕ ಸಿಂಪಡಿಸುವುದಿಲ್ಲ, ಹುಳಗಳು ಸುತ್ತಲಿನ ತೋಟಗಳಿಗೂ ಹೋಗುತ್ತವೆ" ಎಂದರೆ ನಿಜ ಹೇಳಿದಂತಾಯಿತು.

ಅಳತೆಯಲ್ಲೂ ಗೊಂದಲವಿದೆ. ಊರಿನಲ್ಲಿ ಜೇನು "ಒಂದು ಬಾಟಲಿ"ಯ ಲೆಕ್ಕದಲ್ಲಿ ಹೋಗುತ್ತದೆ. ಜೇನು ನೀರಿಗಿಂತ ಭಾರ. 500 ಮಿಲಿಲೀಟರ್ ಹಿಡಿಯುವ ಬಾಟಲಿಯಲ್ಲಿ ಸುಮಾರು 700 ಗ್ರಾಂ ಕೂರುತ್ತದೆ. ಗ್ರಾಂನಲ್ಲಿ ಬರೆಯದಿದ್ದರೆ ಅಂಗಡಿಯ 500 ಗ್ರಾಂ ಬಾಟಲಿಯ ಬೆಲೆಗೆ ಹೋಲಿಸಿ ಗ್ರಾಹಕರು ನಿಮ್ಮದು ದುಬಾರಿ ಎನ್ನುತ್ತಾರೆ.

ಇಷ್ಟೆಲ್ಲ ಸೇರಿಸಿ, ಸುಳ್ಯದ ಆ ತೋಟದ ಎರಡನೇ ಸಲದ ಜೇನಿಗೆ ನಾನು ಬರೆಯುವ ವಿವರಣೆ ಹೀಗಿರುತ್ತದೆ:

"ತುಡುವೆ ಜೇನು, 500 ಗ್ರಾಂ. ಸುಳ್ಯ ತಾಲ್ಲೂಕಿನ ನಮ್ಮ ಅಡಿಕೆ ತೋಟದಲ್ಲಿಟ್ಟ 20 ಪೆಟ್ಟಿಗೆಗಳಿಂದ ಮಾರ್ಚ್ ಎರಡನೇ ವಾರ ತೆಗೆದದ್ದು. ಹೆಚ್ಚಿನ ಪಾಲು ರಬ್ಬರ್ ಚಿಗುರಿನ ಸಿಹಿಯಿಂದ, ಉಳಿದದ್ದು ಸುತ್ತಲಿನ ಹೂಗಳಿಂದ. ಮೇಣ ಮುಚ್ಚಿದ ಎರಿಗಳಿಂದ ಯಂತ್ರದಲ್ಲಿ ತೆಗೆದು ಬಟ್ಟೆಯಲ್ಲಿ ಸೋಸಿದ್ದೇವೆ. ಕಾಯಿಸಿಲ್ಲ, ಏನೂ ಬೆರೆಸಿಲ್ಲ. ತುಂಬಿಸುವಾಗ ನೀರಿನಂಶ ಶೇ 19.5, ನಾವೇ ರಿಫ್ರ್ಯಾಕ್ಟೋಮೀಟರಿನಲ್ಲಿ ಅಳೆದದ್ದು. ಮಳೆಗಾಲದಲ್ಲಿ ಹುಳಗಳಿಗೆ ಸಕ್ಕರೆ ಪಾಕ ಕೊಡುತ್ತೇವೆ. ಸೂಪರ್ ಇಟ್ಟ ಮೇಲೆ ಕೊಡುವುದಿಲ್ಲ. ಬಣ್ಣ ತಿಳಿ. ಹರಳುಗಟ್ಟಬಹುದು, ಬೆಚ್ಚಗಿನ ನೀರಿನಲ್ಲಿಟ್ಟರೆ ಕರಗುತ್ತದೆ. ಒಣ ಚಮಚ ಬಳಸಿ, ಮುಚ್ಚಳ ಬಿಗಿಯಾಗಿರಲಿ. ಒಂದು ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ. ತಂಡದ ಸಂಖ್ಯೆ 2."

ಇದರ ಜೊತೆಗೆ ಕಾನೂನು ಕೇಳುವ ಹೆಸರು, ವಿಳಾಸ, ಆಹಾರ ಸುರಕ್ಷತಾ ನೋಂದಣಿಯ 14 ಅಂಕಿಗಳು, ತಯಾರಿಸಿದ ದಿನ, ಬಳಕೆಯ ಅವಧಿ, ಬೆಲೆ ಇರಬೇಕು. ನೋಂದಣಿ ಸಂಖ್ಯೆ ಇದೆ ಎಂದ ಮಾತ್ರಕ್ಕೆ "ಸರ್ಕಾರದಿಂದ ಪ್ರಮಾಣಿತ" ಎಂದು ಬರೆಯಬಾರದು. ಆ ಸಂಖ್ಯೆ ವ್ಯಾಪಾರ ಮಾಡಲು ಕೊಟ್ಟದ್ದು, ಈ ಬಾಟಲಿಯ ಜೇನನ್ನು ಪರೀಕ್ಷಿಸಿ ಕೊಟ್ಟದ್ದಲ್ಲ. ಪ್ರಯೋಗಾಲಯದ ವರದಿ ಇದ್ದರೂ ಅದು ಯಾವ ತಂಡದ್ದು, ಯಾವ ದಿನದ್ದು ಎಂಬುದನ್ನು ಬಿಟ್ಟು ತೋರಿಸಬಾರದು. ಎರಡು ವರ್ಷದ ಹಿಂದಿನ ವರದಿ ಈ ಮಾರ್ಚಿನ ಜೇನಿಗೆ ಸಾಕ್ಷಿಯಲ್ಲ.

ಎಷ್ಟೇ ಬರೆದರೂ ಫೋನ್ ಬರುತ್ತದೆ. "ಅಮ್ಮನಿಗೆ ಶುಗರ್ ಇದೆ, ಕೊಡಬಹುದಾ ಅಣ್ಣಾ?" ಎಂಬುದು ಬಹುಶಃ ಮೊದಲ ಪ್ರಶ್ನೆ. "ಇದು ಸಕ್ಕರೆಯ ಹಾಗೆಯೇ ಲೆಕ್ಕಕ್ಕೆ ಬರುತ್ತದೆ, ನೋಡುವ ಡಾಕ್ಟರನ್ನು ಕೇಳಿಯೇ ಕೊಡಿ" ಎಂದು ಹೇಳಬೇಕು, ಒಂದು ಬಾಟಲಿ ಹೋಗದಿದ್ದರೂ ಸರಿ. ಇನ್ನೊಂದು ಫೋನ್ ದೂರಿನದು: ನೊರೆ ಬಂದಿದೆ, ಹುಳಿ ವಾಸನೆ. ಆಗ ತಂಡದ ಸಂಖ್ಯೆ ಕೇಳಿ, ತೆಗೆದ ದಿನ, ಎರಿ ಎಷ್ಟು ಮುಚ್ಚಿತ್ತು, ಅಳೆದ ನೀರಿನಂಶ ಎಷ್ಟು ಎಂದು ಬರೆದಿಟ್ಟ ಪುಸ್ತಕ ನೋಡಬೇಕು. ಅದೇ ತಂಡದ ಉಳಿದ ಬಾಟಲಿಗಳನ್ನು ತೆರೆದು ನೋಡಿ, ಅವೂ ಹುಳಿದಿದ್ದರೆ ಆ ತಂಡ ಕೊಂಡ ಎಲ್ಲರಿಗೂ ತಾವೇ ಫೋನ್ ಮಾಡಿ ಹಣ ಹಿಂದಿರುಗಿಸಬೇಕು. ಒಂದೇ ಬಾಟಲಿ ಹುಳಿದು ಉಳಿದವು ಚೆನ್ನಾಗಿದ್ದರೆ, ಒದ್ದೆ ಚಮಚ ಹಾಕಿದ್ದಿರಬಹುದು, ಮುಚ್ಚಳ ಸಡಿಲಿದ್ದಿರಬಹುದು. ಅದನ್ನು ಸಮಾಧಾನವಾಗಿ ವಿಚಾರಿಸಿ, ಬದಲಿ ಬಾಟಲಿ ಕಳಿಸಬಹುದು.